ಅನುಪಾತ ಒಂದೇ ಅಂದಮಾತ್ರಕ್ಕೆ ಕ್ಯೂ ಪಾಯಿಂಟ್ ಒಂದೇ ಆಗಲ್ಲ

“ಸರ್, ವೋಲ್ಟೇಜ್ ಡಿವೈಡರ್ ಬಯಾಸ್ ಬಗ್ಗೆ ಲೇಖನ ಕಳಿಸಿದ್ದೇನೆ. ಡಿಪ್ಲೊಮಾ ಓದುವವರನ್ನು ಮನಸ್ಸಲ್ಲಿಟ್ಟು ಬರೆದದ್ದು. ಲೆಕ್ಕ ಎರಡು ಸಲ ನೋಡಿದ್ದೇನೆ. ಆದರೂ ಓದಿದ ಗೆಳೆಯರು ‘ಥೆವೆನಿನ್ ಬಂದಮೇಲೆ ಏನೂ ಅರ್ಥ ಆಗಲಿಲ್ಲ’ ಅಂತಾರೆ. ಎಲ್ಲಿ ಎಡವಿದ್ದೇನೆ, ಮುಚ್ಚುಮರೆ ಇಲ್ಲದೆ ಹೇಳಿ.”

ಮುಚ್ಚುಮರೆ ಬೇಡ ಅಂದಿದ್ದೀರಿ, ಹಾಗೇ ಹೇಳುತ್ತೇನೆ. ಮೊದಲ ಎರಡು ಪುಟ, ಅಂದರೆ ಟ್ರಾನ್ಸಿಸ್ಟರ್ ಹುಟ್ಟಿದ ಕಥೆ, ಪೂರ್ತಿ ತೆಗೆದುಬಿಡಿ. ಓದುಗ ಬಂದಿರುವುದು ಕ್ಯೂ ಪಾಯಿಂಟ್, ಅಂದರೆ ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರ್ ನಿಲ್ಲುವ ಕರೆಂಟ್ ಮತ್ತು ವೋಲ್ಟೇಜ್, ಅದರ ಲೆಕ್ಕ ಕಲಿಯೋಕೆ. ಲೇಖನ ಶುರುವಾಗಬೇಕಾದ್ದು ನಿಮ್ಮ ಮೂರನೇ ಪುಟದ ಸರ್ಕ್ಯೂಟ್‌ನಿಂದ: 12 ವೋಲ್ಟ್ ಸಪ್ಲೈ, ಮೇಲೆ R1 47ಕೆ, ಕೆಳಗೆ R2 10ಕೆ, ಕಲೆಕ್ಟರ್‌ಗೆ 3.3ಕೆ, ಎಮಿಟರ್‌ಗೆ 1ಕೆ, ನಡುವೆ ಒಂದು BC547. ಒಳ್ಳೆಯ ಆಯ್ಕೆ. ಯಾವ ಅಂಗಡಿಯಲ್ಲಾದರೂ ಸಿಗುವ ರೆಸಿಸ್ಟರ್‌ಗಳು.

ಗೆಳೆಯರು ಹೇಳಿದ್ದು ಸರಿ. ಸರ್ಕ್ಯೂಟ್ ತೋರಿಸಿದ ಮರುಸಾಲಿನಲ್ಲೇ ನೀವು R1, R2 ಎರಡನ್ನೂ ಮಾಯ ಮಾಡಿ, 2.1 ವೋಲ್ಟ್ ಮತ್ತು 8.2ಕೆ ಅಂತ ಹೊಸದೇನೋ ತಂದಿಟ್ಟಿದ್ದೀರಿ. ಡಿವೈಡರನ್ನು ಒಂದು ವೋಲ್ಟೇಜ್, ಒಂದು ರೆಸಿಸ್ಟರ್ ಆಗಿ ಕುಗ್ಗಿಸುವ ಥೆವೆನಿನ್ ತಪ್ಪಲ್ಲ, ಬೇಗ ಮುಗಿಯುವ ದಾರಿ ಅದು. ಆದರೆ ಮೊದಲ ಸಲ ಓದುವವನಿಗೆ ಅದು ಕೈಚಳಕದ ಹಾಗೆ ಕಾಣುತ್ತೆ. ಇದ್ದ ಸರ್ಕ್ಯೂಟ್ ಇದ್ದ ಹಾಗೇ ಇರಲಿ. R1ನಲ್ಲಿ ಹರಿಯುವ ಕರೆಂಟ್‌ಗೆ I1 ಅಂತ ಹೆಸರಿಡಿ. ಅದು ಬೇಸ್ ಹತ್ತಿರ ಬಂದಾಗ IBಯಷ್ಟು ಟ್ರಾನ್ಸಿಸ್ಟರ್ ಒಳಗೆ ಹೋಗುತ್ತೆ, ಉಳಿದದ್ದು R2 ಮೂಲಕ ಇಳಿಯುತ್ತೆ. ಕಲೆಕ್ಟರ್ ಕರೆಂಟ್ IC, ಎಮಿಟರ್ ಕರೆಂಟ್ IE, ಕಲೆಕ್ಟರ್-ಎಮಿಟರ್ ನಡುವಿನ ವೋಲ್ಟೇಜ್ VCE. ಇಷ್ಟು ಹೇಳಿ ಮೂರು ಲೂಪ್ ಸುತ್ತಿ. ವೋಲ್ಟ್, ಮಿಲಿಆಂಪ್, ಕಿಲೋಓಮ್ ಇವನ್ನೇ ಹಿಡಿದರೆ ಸೊನ್ನೆಗಳ ಕಾಟ ಇಲ್ಲ.

```
12 = 47·I1 + 10·(I1 − IB)
10·(I1 − IB) = 0.7 + 1·IE
12 = 3.3·IC + VCE + 1·IE
```

ಮೊದಲನೆಯದು ಸಪ್ಲೈನಿಂದ R1, R2 ದಾಟಿ ಗ್ರೌಂಡ್‌ಗೆ. ಎರಡನೆಯದು R2, ಬೇಸ್-ಎಮಿಟರ್, ಎಮಿಟರ್ ರೆಸಿಸ್ಟರ್ ಸೇರಿದ ಪುಟ್ಟ ಸುತ್ತು. ಮೂರನೆಯದು ಕಲೆಕ್ಟರ್ ಕಡೆಯದು. ಎರಡನೇ ಸುತ್ತಿನಲ್ಲಿ ಒಂದು ಮಾತು ಒತ್ತಿ ಹೇಳಿ: 1ಕೆ ಒಳಗೆ ಹರಿಯುವುದು IE, IB ಅಲ್ಲ. ಇಲ್ಲಿ IB ಬರೆದವನಿಗೆ ಕಲೆಕ್ಟರ್ ಕರೆಂಟ್ 30 ಮಿಲಿಆಂಪ್ ಬರುತ್ತೆ. ಆದರೆ ಟ್ರಾನ್ಸಿಸ್ಟರ್ ಬದಲು ತಂತಿ ಹಾಕಿದರೂ ಆ ದಾರಿಯಲ್ಲಿ 12 ಭಾಗಿಸು 4.3, ಅಂದರೆ 2.8 ಮಿಲಿಆಂಪ್‌ಗಿಂತ ಜಾಸ್ತಿ ಹರಿಯೋಕೆ ಸಾಧ್ಯವೇ ಇಲ್ಲ. ತಪ್ಪು ಹಿಡಿಯೋಕೆ ಈ ಒಂದು ಭಾಗಾಕಾರ ಸಾಕು.

ಬೀಟಾ, ಅಂದರೆ IC ಅನ್ನುವುದು IBಯ ಎಷ್ಟು ಪಟ್ಟು ಅನ್ನುವ ಅಂಕಿ, 200 ಅಂತಿಟ್ಟುಕೊಂಡರೆ IE ಅಂದರೆ 201·IB. ಉಳಿದದ್ದು ಹೈಸ್ಕೂಲ್ ಲೆಕ್ಕ:

```
I1 = 0.07 + 21.1·IB
57·I1 − 10·IB = 12
1192.7·IB = 8.01
IB = 0.0067 mA
```

IB 6.7 ಮೈಕ್ರೋಆಂಪ್, IC 1.34 ಮಿಲಿಆಂಪ್. ಮೂರನೇ ಸುತ್ತಿಗೆ ಹಾಕಿದರೆ VCE 6.2 ವೋಲ್ಟ್. ಸಪ್ಲೈನ ಅರ್ಧದ ಆಸುಪಾಸು, ಆಂಪ್ಲಿಫೈಯರ್‌ಗೆ ಹೇಳಿ ಮಾಡಿಸಿದ ಜಾಗ. ಇಲ್ಲೇ ಒಂದು ಎಚ್ಚರಿಕೆಯನ್ನೂ ಸೇರಿಸಿ. ಯಾರೋ 3.3ಕೆ ಬದಲು 10ಕೆ ಹಾಕಿದರು ಅನ್ನಿ. ಅದೇ ಲೆಕ್ಕದಲ್ಲಿ VCE ಮೈನಸ್ ಬರುತ್ತೆ. ಆಗ ಉತ್ತರ ಮೈನಸ್ 2.8 ವೋಲ್ಟ್ ಅಂತ ಬರೆದು ಮುಂದೆ ಹೋಗಬಾರದು. ಟ್ರಾನ್ಸಿಸ್ಟರ್ ಸ್ಯಾಚುರೇಟ್ ಆಗಿದೆ, IC ಅಂದರೆ ಬೀಟಾ ಗುಣಿಸು IB ಅನ್ನುವ ಮಾತೇ ಅಲ್ಲಿ ಸುಳ್ಳಾಗಿದೆ ಅಂತ ಅರ್ಥ.

ಈಗ ನಿಜವಾದ ಜಗಳಕ್ಕೆ ಬರೋಣ. ಐದನೇ ಪುಟದಲ್ಲಿ ನೀವು ಬರೆದಿದ್ದೀರಿ: “ಬ್ಯಾಟರಿ ಉಳಿಸಬೇಕಾದರೆ R1 470ಕೆ, R2 100ಕೆ ಹಾಕಬಹುದು. ಅನುಪಾತ ಒಂದೇ ಇರುವುದರಿಂದ ಕ್ಯೂ ಪಾಯಿಂಟ್ ಬದಲಾಗುವುದಿಲ್ಲ.” ಈ ಒಂದು ವಾಕ್ಯಕ್ಕಾಗಿಯೇ ಲೇಖನವನ್ನು ವಾಪಸ್ ಕಳಿಸುತ್ತಿದ್ದೇನೆ. ಮೇಲಿನ ಲೂಪ್‌ಗಳನ್ನು ಬರೆದಿದ್ದರೆ ಇದು ನಿಮ್ಮ ಪೆನ್ನಿನಿಂದ ಬರುತ್ತಲೇ ಇರಲಿಲ್ಲ. ಥೆವೆನಿನ್‌ನಲ್ಲಿ 2.1 ವೋಲ್ಟ್ ಹಾಗೇ ಉಳಿಯುತ್ತೆ ನೋಡಿ, ಅದು ನಿಮ್ಮ ಕಣ್ಣು ಕಟ್ಟಿತು. ಪಕ್ಕದ 8.2ಕೆ ಹೋಗಿ 82ಕೆ ಆಗಿದ್ದನ್ನು ನೀವು ನೋಡಲಿಲ್ಲ.

ಹೊಸ ಅಂಕಿಗಳನ್ನು ಹಾಕಿ ನೋಡಿ. R1ನಲ್ಲಿ ಇಳಿಯುವುದೇ ಸುಮಾರು 22 ಮೈಕ್ರೋಆಂಪ್. ಅದರಲ್ಲಿ 5 ಬೇಸ್‌ಗೆ ಹೋಯ್ತು, R2ಗೆ ಉಳಿದದ್ದು 17. ಅಷ್ಟರಿಂದ 100ಕೆ ಮೇಲೆ ಬರುವುದು 1.7 ವೋಲ್ಟ್, 2.1 ಅಲ್ಲ. ಮೊದಲಿನ ಸರ್ಕ್ಯೂಟ್‌ನಲ್ಲಿ 212 ಮೈಕ್ರೋಆಂಪ್ ಇಳಿಯುತ್ತಿತ್ತು, ಬೇಸ್ ತೆಗೆದುಕೊಂಡದ್ದು ಏಳಕ್ಕೂ ಕಮ್ಮಿ. ತುಂಬಿದ ಕಾಲುವೆಯಿಂದ ಒಂದು ಬಿಂದಿಗೆ ಎತ್ತಿದ ಹಾಗೆ, ಗೊತ್ತೇ ಆಗಲ್ಲ. ಹೊಸದರಲ್ಲಿ ಹರಿಯುವ ನೀರಿನ ಕಾಲುಭಾಗದ ಹತ್ತಿರ ಹೋಯ್ತು. IC 1.34ರಿಂದ 0.99ಕ್ಕೆ ಇಳಿಯಿತು, VCE 7.7ಕ್ಕೆ ಏರಿತು.

ಇನ್ನೂ ದೊಡ್ಡ ತೊಂದರೆ ಬೀಟಾದ್ದು. ಡೇಟಾಶೀಟ್ ಪ್ರಕಾರ A, B, C ಗುಂಪು ಸೇರಿಸಿ BC547ರ ಬೀಟಾ 110ರಿಂದ 800ರವರೆಗೂ ಇರಬಹುದು. ನಿಮ್ಮ ಮೊದಲ ಸರ್ಕ್ಯೂಟ್‌ನಲ್ಲಿ ಆ ಎರಡು ತುದಿಗಳಿಗೂ ಲೆಕ್ಕ ಹಾಕಿದೆ: IC 1.30ರಿಂದ 1.39 ಮಿಲಿಆಂಪ್. ಅಷ್ಟೇ ವ್ಯತ್ಯಾಸ. ಎರಡನೆಯದರಲ್ಲಿ 0.80ರಿಂದ 1.27. ಟ್ರಾನ್ಸಿಸ್ಟರ್ ಬದಲಾಯಿಸಿದಾಗ ಕ್ಯೂ ಪಾಯಿಂಟ್ ಅಲ್ಲಾಡಬಾರದು ಅಂತಲೇ ತಾನೇ ಡಿವೈಡರ್ ಬಯಾಸ್ ಹಾಕುವುದು? ದೊಡ್ಡ ರೆಸಿಸ್ಟರ್ ಹಾಕಿ ಅದನ್ನೇ ಕಳೆದುಕೊಂಡಂತಾಯ್ತು. ಕನಿಷ್ಠ ಬೀಟಾ ಗುಣಿಸು ಎಮಿಟರ್ ರೆಸಿಸ್ಟರ್ RE, ಅದರ ಹತ್ತನೇ ಒಂದು ಭಾಗಕ್ಕಿಂತ R2 ಜಾಸ್ತಿ ಇರಬಾರದು ಅನ್ನುವ ರೂಢಿಯ ನಿಯಮ ಬಂದದ್ದು ಇದಕ್ಕೇ. 110ಕ್ಕೆ ಅದು 11ಕೆ. ನಿಮ್ಮ 10ಕೆ ಅಲ್ಲಿಗೆ ಸರಿಯಾಗಿ ಕೂತಿದೆ, 100ಕೆ ಅದರ ಹತ್ತಿರವೂ ಬರಲ್ಲ.

ಅಳತೆಯ ಭಾಗದಲ್ಲಿ “ಬೇಸ್ ವೋಲ್ಟೇಜ್ ಅಳೆಯಿರಿ” ಅಂತಷ್ಟೇ ಬಿಟ್ಟಿದ್ದೀರಿ. ಇದರಲ್ಲಿ ನಾನೇ ಒಮ್ಮೆ ಏಮಾರಿದ್ದೇನೆ. ಕಾಲೇಜು ಲ್ಯಾಬಿನ ಮುಳ್ಳಿನ ಮೀಟರ್, ಪ್ರತಿ ವೋಲ್ಟ್‌ಗೆ 20ಕೆ. 2.5 ವೋಲ್ಟ್ ರೇಂಜ್‌ನಲ್ಲಿ ಅದೇ ಒಂದು 50ಕೆ ರೆಸಿಸ್ಟರ್. 100ಕೆ ಪಕ್ಕದಲ್ಲಿ ಇಟ್ಟ ತಕ್ಷಣ ಬೇಸ್ ವೋಲ್ಟೇಜ್ ಕುಸಿಯಿತು. ನಾನು ಮಧ್ಯಾಹ್ನವಿಡೀ ಟ್ರಾನ್ಸಿಸ್ಟರ್ ಕೆಟ್ಟಿದೆ ಅಂತ ಬದಲಾಯಿಸುತ್ತಾ ಕೂತಿದ್ದೆ. ಎಮಿಟರ್‌ನಲ್ಲಿ ಅಳೆಯೋಕೆ ಹೇಳಿ. ಅಲ್ಲಿ ಇರುವುದು 1ಕೆ, ಯಾವ ಮೀಟರ್‌ಗೂ ಬಗ್ಗಲ್ಲ. ಜೊತೆಗೆ 1.35 ವೋಲ್ಟ್ ಅಂದರೆ ನೇರವಾಗಿ 1.35 ಮಿಲಿಆಂಪ್. 1.4 ಹತ್ತಿರ ತೋರಿಸಿದರೆ ಗಾಬರಿ ಬೇಡ ಅಂತಲೂ ಬರೆಯಿರಿ. ಇಷ್ಟು ಕಮ್ಮಿ ಕರೆಂಟ್‌ನಲ್ಲಿ ಬೇಸ್-ಎಮಿಟರ್ ವೋಲ್ಟೇಜ್ 0.7 ಅಲ್ಲ, 0.65ರ ಆಸುಪಾಸು ಇರುತ್ತೆ.

ಐದನೇ ಪುಟವನ್ನು ಕಿತ್ತು ಹಾಕಬೇಡಿ. ಆ ತಪ್ಪು ವಾಕ್ಯವನ್ನೇ ಪ್ರಶ್ನೆಯಾಗಿ ಇಟ್ಟು, ಎರಡೂ ಸರ್ಕ್ಯೂಟ್ ಬ್ರೆಡ್‌ಬೋರ್ಡ್ ಮೇಲೆ ಕಟ್ಟಿ, ನಾಲ್ಕೈದು ಟ್ರಾನ್ಸಿಸ್ಟರ್ ಬದಲಾಯಿಸಿ, ಎಮಿಟರ್ ವೋಲ್ಟೇಜ್ ಎಷ್ಟೆಷ್ಟು ಬಂತು ಅಂತ ಬರೆದು ಕಳಿಸಿ. ಥೆವೆನಿನ್ ಕೊನೆಗೆ ಬರಲಿ, ಇದೇ ಉತ್ತರ ಎರಡು ಸಾಲಲ್ಲಿ ಬರುತ್ತೆ ಅಂತ ತೋರಿಸೋಕೆ. ಹಾಂ, ಚಿತ್ರದಲ್ಲಿ ಎಮಿಟರ್ ಬಾಣ ಒಳಮುಖವಾಗಿದೆ. ಅದು ಪಿಎನ್‌ಪಿ ಆಗುತ್ತೆ, ತಿರುಗಿಸಿ.