ಮೈದಾನ ಖಾಲಿ, ಗೇಟಿನ ಮುಂದೆ ಜಾಮ್: ಮದುವೆ ಮಂಟಪದ ಗಾಡಿ ಲೆಕ್ಕ

ಪ್ರಶ್ನೆ: ಮಗಳ ಮದುವೆಯ ಸಂಜೆ ಸಮಾರಂಭಕ್ಕೆ ಸುಮಾರು 600 ಜನ ಬರುತ್ತಾರೆ. ಮಂಟಪದ ಮುಂದೆ ಇರುವುದು ಎರಡು ಲೇನಿನ ರಸ್ತೆ. ಪಕ್ಕದಲ್ಲಿ 60 ಮೀಟರ್ ಉದ್ದ, 40 ಮೀಟರ್ ಅಗಲದ ಮೈದಾನ ಬಾಡಿಗೆಗೆ ಸಿಕ್ಕಿದೆ. ಅದಕ್ಕೆ ಬೇರೆ ಗೇಟಿದೆ, ಮಂಟಪದ ಆವರಣದಿಂದಲೂ ಗಾಡಿ ಹೋಗುವ ದಾರಿಯಿದೆ. ಆದರೆ ಹೋದ ತಿಂಗಳು ಇಲ್ಲೇ ನಡೆದ ಇನ್ನೊಂದು ಮದುವೆಯಲ್ಲಿ ಮೈದಾನ ಅರ್ಧ ಖಾಲಿಯಿದ್ದರೂ ರಸ್ತೆಯಲ್ಲಿ ಮುಕ್ಕಾಲು ಗಂಟೆ ಗಾಡಿಗಳು ನಿಂತಿದ್ದವು. ನಮ್ಮಲ್ಲಿ ಹಾಗಾಗದಿರಲು ಏನು ಮಾಡಬೇಕು?

ಉತ್ತರ: ಆ ಸಂಜೆ ಕೊರತೆಯಿದ್ದದ್ದು ಜಾಗಕ್ಕಲ್ಲ, ಪೋರ್ಟಿಕೋದಲ್ಲಿ ಸಮಯಕ್ಕೆ. ಮದುವೆಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಮೊದಲು ಜನರನ್ನು ಬಾಗಿಲಲ್ಲಿ ಇಳಿಸಿ, ಆಮೇಲೆ ನಿಲ್ಲಿಸಲು ಹೋಗುತ್ತವೆ. ಹಾಗಾಗಿ ಮೈದಾನದಲ್ಲಿ ಎಷ್ಟು ಕಾರು ಹಿಡಿಯುತ್ತವೆ ಎನ್ನುವುದಕ್ಕಿಂತ ಮೊದಲು, ಬಾಗಿಲ ಮುಂದೆ ಗಂಟೆಗೆ ಎಷ್ಟು ಕಾರು ಇಳಿಸಿ ಹೋಗಬಲ್ಲವು ಎಂದು ಕೇಳಿಕೊಳ್ಳಬೇಕು.

ನಿಮ್ಮ 600 ಜನರನ್ನೇ ತೆಗೆದುಕೊಳ್ಳಿ. 300 ಮಂದಿ ಕಾರಿನಲ್ಲಿ, ಕಾರಿಗೆ ಮೂವರಂತೆ ಬಂದರೆ 100 ಕಾರು. 150 ಮಂದಿ ಬೈಕು, ಸ್ಕೂಟರಿನಲ್ಲಿ ಬಂದರೆ ಸುಮಾರು 100 ದ್ವಿಚಕ್ರ. 90 ಮಂದಿ ಟ್ಯಾಕ್ಸಿ, ಆಟೊಗಳಲ್ಲಿ ಎಂದರೆ ಇನ್ನೊಂದು 36 ಗಾಡಿ. ಉಳಿದ 60 ಮಂದಿ ಒಂದೆರಡು ಬಸ್ಸಿನಲ್ಲಿ. ನೀವು ಆಹ್ವಾನಿಸಿದವರ ಪಟ್ಟಿ ನೋಡಿ ಈ ಪಾಲುಗಳನ್ನು ಬದಲಿಸಿಕೊಳ್ಳಬಹುದು, ಲೆಕ್ಕದ ದಾರಿ ಅದೇ. ಬಾಗಿಲಿಗೆ ಬರುವ 136 ಕಾರು, ಟ್ಯಾಕ್ಸಿ, ಆಟೊಗಳು ಮೂರು ಗಂಟೆಗೆ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಒಂದೇ ಗಂಟೆಯಲ್ಲಿ ಬಂದುಬಿಡುತ್ತವೆ ಎಂದು ಇಟ್ಟುಕೊಳ್ಳುವುದು ಕ್ಷೇಮ. ಅಂದರೆ ಸುಮಾರು 75 ಗಾಡಿ.

ಈಗ ಬಾಗಿಲ ಮುಂದೆ ನಿಂತು ಒಂದೇ ಒಂದು ಕಾರನ್ನು ಗಮನಿಸಿ. ಕಾರು ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿರುವ ಅಜ್ಜಿ ಸೆರಗು ಸರಿಮಾಡಿಕೊಂಡು ಒಂದು ಕಾಲು ಹೊರಗಿಡುತ್ತಾರೆ. ಮಗು ಕಳಚಿದ ಚಪ್ಪಲಿ ಸೀಟಿನ ಕೆಳಗೆ ಸೇರಿರುತ್ತದೆ. ಉಡುಗೊರೆಯ ಚೀಲ ಡಿಕ್ಕಿಯಲ್ಲಿದೆ. ಎಲ್ಲ ಇಳಿದ ಮೇಲೆ ಚಾಲಕ ಕಿಟಕಿ ಇಳಿಸಿ ‘ಎಲ್ಲಿ ನಿಲ್ಲಿಸಬೇಕು?’ ಎಂದು ಕೇಳುತ್ತಾರೆ. ಇಷ್ಟಕ್ಕೆ 60 ಸೆಕೆಂಡ್ ಸಲೀಸಾಗಿ ಹೋಗುತ್ತದೆ, ಮುಂದಿನ ಕಾರು ಆ ಜಾಗಕ್ಕೆ ಬರಲು ಇನ್ನು 15. ಒಂದು ಗಾಡಿಗೆ 75 ಸೆಕೆಂಡ್ ಎಂದರೆ ಗಂಟೆಗೆ 48 ಗಾಡಿ. ಬರುವವು 75, ದಾಟುವವು 48. ಗಂಟೆಯ ಕೊನೆಗೆ 27 ಗಾಡಿ ಸಾಲಿನಲ್ಲಿ ಉಳಿಯುತ್ತವೆ. ಒಂದಕ್ಕೆ ಆರೂವರೆ ಮೀಟರ್ ಹಿಡಿದರೆ ಸುಮಾರು 175 ಮೀಟರ್ ಸಾಲು. ನೀವು ಕಂಡ ಜಾಮ್ ಹುಟ್ಟಿದ್ದು ಇಲ್ಲಿಂದಲೇ.

ಮೊದಲ ಪರಿಹಾರ, ಇಳಿಸುವ ಜಾಗವನ್ನು ಒಂದರಿಂದ ಮೂರಕ್ಕೆ ಹೆಚ್ಚಿಸುವುದು. ಪೋರ್ಟಿಕೋದ ಅಂಚಿನಲ್ಲಿ ಒಂದರ ಹಿಂದೆ ಒಂದು ಮೂರು ಕಾರು ನಿಲ್ಲಲು ತಲಾ 7 ಮೀಟರಿನಂತೆ 21 ಮೀಟರ್ ಬೇಕು. ಆದರೆ ಮೂರು ಜಾಗವಿದ್ದರೆ ಮೂರರಷ್ಟು ಕೆಲಸವಾಗುತ್ತದೆ ಎಂದುಕೊಳ್ಳಬೇಡಿ. ಮುಂದಿನ ಕಾರು ನಿಧಾನವಾದರೆ ಹಿಂದಿನೆರಡೂ ಕಾಯಬೇಕು. ಅದಕ್ಕಾಗಿ ಮೂರನ್ನೂ ಒಟ್ಟಿಗೆ ಒಳಗೆ ಬಿಡಿ, ಒಟ್ಟಿಗೆ ಹೊರಗೆ ಕಳಿಸಿ. ಒಂದು ತಂಡ ಹೊರಡುವುದು ಅದರಲ್ಲಿ ತೀರಾ ನಿಧಾನವಾದ ಕಾರಿನ ಮೇಲೆ ನಿಂತಿರುತ್ತದೆ. ಅದಕ್ಕೆ 100 ಸೆಕೆಂಡ್, ಜಾಗ ಬದಲಿಸಲು 15 ಹಿಡಿದರೆ ಗಂಟೆಗೆ 31 ತಂಡ, 93 ಗಾಡಿ. ನಿಮ್ಮ 75ಕ್ಕೆ ಇದು ಸಾಕು, ಮಳೆ ಬಂದರೂ ಸ್ವಲ್ಪ ಉಸಿರಾಡಲು ಜಾಗವಿರುತ್ತದೆ. ಮೊದಲ ಕಾರು ಪೋರ್ಟಿಕೋದ ತುದಿಯವರೆಗೂ ಹೋಗಿ ನಿಲ್ಲಬೇಕು. ಸಹಜವಾಗಿ ಎಲ್ಲರೂ ಮುಖ್ಯ ಬಾಗಿಲಿನ ನೇರಕ್ಕೇ ನಿಲ್ಲಿಸುತ್ತಾರೆ, ಆಗ ಮುಂದಿನ ಎರಡು ಜಾಗ ಖಾಲಿ ಉಳಿದು ಹಿಂದೆ ಸಾಲು ಬೆಳೆಯುತ್ತದೆ. ಕಾರನ್ನು ಕೈಬೀಸಿ ತುದಿಗೆ ಕರೆಯಲು ಒಬ್ಬರು, ಬಾಗಿಲು ತೆಗೆದು ಕೈಹಿಡಿದು ಇಳಿಸಲು ಇಬ್ಬರು ಇರಲಿ. ಸ್ವಾಗತ ಕೋರುವ ಮನೆಯವರು ಮಾತ್ರ ಕಾರಿನ ಬಳಿ ನಿಲ್ಲಬಾರದು. ಅವರನ್ನು ಕಂಡ ಕೂಡಲೇ ಮಾತು ಶುರುವಾಗುತ್ತದೆ, ಕಾರಿನ ಬಾಗಿಲು ತೆರೆದೇ ಇರುತ್ತದೆ. ಅವರು 10 ಮೀಟರ್ ಒಳಗೆ ನಿಂತರೆ ಅತಿಥಿಗಳೇ ಅವರ ಕಡೆಗೆ ನಡೆದು ಬರುತ್ತಾರೆ.

ಇದಕ್ಕಿಂತ ಫಲ ಕೊಡುವುದು ಎರಡನೆಯ ಪರಿಹಾರ: ಇಳಿಸಲೇಬೇಕಾದವರು ಮಾತ್ರ ಪೋರ್ಟಿಕೋಗೆ ಬರುವಂತೆ ಮಾಡುವುದು. ಮೈದಾನ ಪಕ್ಕದಲ್ಲೇ ಇದೆ. ವಯಸ್ಸಾದವರಾಗಲಿ ಕೈಗೂಸಾಗಲಿ ಇಲ್ಲದ ಕಾರುಗಳು ನೇರವಾಗಿ ಮೈದಾನದ ಗೇಟಿಗೇ ಹೋಗಲಿ. ಇದು ನಡೆಯಬೇಕಾದರೆ ಮೈದಾನದಿಂದ ಮಂಟಪಕ್ಕೆ ನಡೆದು ಬರುವ ದಾರಿ ಚೆನ್ನಾಗಿರಬೇಕು. ಒಂದೂವರೆ ಮೀಟರಾದರೂ ಅಗಲ, ಸಮತಟ್ಟು ನೆಲ, ಉದ್ದಕ್ಕೂ ದೀಪ. ದಾರಿ ಕತ್ತಲಿದ್ದರೆ ಯಾರೂ ಅಲ್ಲಿಂದ ನಡೆಯುವುದಿಲ್ಲ, ಎಲ್ಲರೂ ಮತ್ತೆ ಪೋರ್ಟಿಕೋಗೇ ಬರುತ್ತಾರೆ. ಆಮಂತ್ರಣದ ಜೊತೆ ಕಳಿಸುವ ಲೊಕೇಶನ್ ಪಿನ್ನನ್ನೂ ಮಂಟಪದ ಕಟ್ಟಡದ ಮೇಲಲ್ಲ, ಮೈದಾನದ ಗೇಟಿನ ಮೇಲೆ ಇಡಿ. ಇಟ್ಟ ಮೇಲೆ ರಸ್ತೆಯ ಎರಡೂ ದಿಕ್ಕಿನಿಂದ ಒಮ್ಮೆ ಮ್ಯಾಪ್ ಹೇಳಿದಂತೆ ಗಾಡಿ ಓಡಿಸಿ ನೋಡಿ. ಕಟ್ಟಡದ ನಡುವೆ ಇಟ್ಟ ಪಿನ್ ಕೆಲವೊಮ್ಮೆ ಹಿಂದಿನ ಓಣಿಗೆ ಕರೆದೊಯ್ಯುತ್ತದೆ.

ರಸ್ತೆಯ ಮಟ್ಟಿಗೆ ಹೆಚ್ಚು ತೊಂದರೆ ಕೊಡುವುದು ಎದುರು ದಿಕ್ಕಿನಿಂದ ಬಂದು ಬಲಕ್ಕೆ ತಿರುಗುವ ಗಾಡಿ. ಎದುರಿನ ವಾಹನಗಳಲ್ಲಿ ಸಂದು ಸಿಗುವವರೆಗೆ ಅದು ರಸ್ತೆಯ ನಡುವೆ ನಿಲ್ಲುತ್ತದೆ, ಅದರ ಹಿಂದೆ ಮದುವೆಗೆ ಸಂಬಂಧವೇ ಇಲ್ಲದವರೂ ಸಿಕ್ಕಿಕೊಳ್ಳುತ್ತಾರೆ. ಮುಂದೆ ಹತ್ತಿರದಲ್ಲಿ ಸುರಕ್ಷಿತವಾದ ಯೂ-ಟರ್ನ್ ಅಥವಾ ವೃತ್ತವಿದ್ದರೆ ಅಲ್ಲಿ ತಿರುಗಿಕೊಂಡು ಬಂದು ಎಡಕ್ಕೆ ಒಳಗೆ ಬರಲಿ, ಹೊರಡುವಾಗಲೂ ಎಡಕ್ಕೇ ಹೋಗಲಿ. ಇದನ್ನು ಗೇಟಿಗೆ 50 ಮೀಟರ್ ಮೊದಲೇ ಫಲಕದಲ್ಲಿ ತಿಳಿಸಬೇಕು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ಚಾಲಕನಿಗೆ ಅದನ್ನು ಓದಿ ತೀರ್ಮಾನಿಸಲು ಸಿಗುವುದು ಆರೇ ಸೆಕೆಂಡ್. ಅಕ್ಷರ 15 ಸೆಂಟಿಮೀಟರಿಗಿಂತ ಚಿಕ್ಕದಾಗದಿರಲಿ. ಒತ್ತಕ್ಷರಗಳು ದೂರದಿಂದ ಕಲಸಿಹೋಗುವುದರಿಂದ ಫಲಕದಲ್ಲಿ ಎರಡು ಪದ, ಒಂದು ದೊಡ್ಡ ಬಾಣ, ಅಷ್ಟೇ ಸಾಕು. ವಧೂವರರ ಹೆಸರು, ಹೂವಿನ ಅಲಂಕಾರ ಬೇರೆ ಫಲಕದಲ್ಲಿರಲಿ. ಇನ್ನು ರಸ್ತೆಯಲ್ಲಿ ಸಾರ್ವಜನಿಕರ ವಾಹನ ತಡೆಯುವ ಅಧಿಕಾರ ನಿಮ್ಮ ಕಡೆಯ ಹುಡುಗರಿಗಿಲ್ಲ. ಅಂಥ ಅಗತ್ಯ ಬೀಳುತ್ತದೆ ಎನಿಸಿದರೆ ದಿನಾಂಕ, ಸಮಯ, ಗಾಡಿಗಳ ಅಂದಾಜು ಬರೆದು ಸಂಚಾರ ಪೊಲೀಸರಿಗೆ ಮೊದಲೇ ಮನವಿ ಕೊಡಿ.

ಬಸ್ಸನ್ನು ಆವರಣದೊಳಗೆ ಬಿಡಲೇಬೇಡಿ. 12 ಮೀಟರಿನ ಬಸ್ಸು ತಿರುಗಲು ಸಾಲದೆ ರಿವರ್ಸ್ ತೆಗೆಯಲು ಹೊರಟರೆ ಎಲ್ಲವೂ ನಿಲ್ಲುತ್ತದೆ, ಹಿಂದೆ ಓಡಾಡುವ ಮಕ್ಕಳಿಗೂ ಅಪಾಯ. ಅದು ಮಂಟಪದ ಬದಿಯ ರಸ್ತೆಯಂಚಿನಲ್ಲಿ, ಎರಡೂ ಗೇಟುಗಳಿಂದ ದೂರ ಜನರನ್ನು ಇಳಿಸಿ ಬೇರೆಡೆ ಹೋಗಿ ನಿಲ್ಲಲಿ.

ಮೈದಾನದ ವಿಷಯಕ್ಕೆ ಬಂದರೆ, ಕಾರಿಗೆ ಎರಡೂವರೆ ಮೀಟರ್ ಅಗಲ, 5 ಮೀಟರ್ ಉದ್ದ ಬೇಕು. ಎರಡು ಸಾಲುಗಳ ನಡುವೆ ಓಡಾಡಲು 6 ಮೀಟರ್. ಹೀಗೆ 5, 6, 5 ಕೂಡಿ 16 ಮೀಟರಿನ ಒಂದು ಪಟ್ಟಿ. ನಿಮ್ಮ 40 ಮೀಟರ್ ಅಗಲದಲ್ಲಿ ಇಂಥ ಎರಡು ಪಟ್ಟಿ ಹಿಡಿದು 8 ಮೀಟರ್ ಉಳಿಯುತ್ತದೆ. ಉದ್ದದ ಎರಡೂ ತುದಿಯಲ್ಲಿ ತಿರುಗಲು ಆರಾರು ಮೀಟರ್ ಬಿಟ್ಟರೆ 48 ಮೀಟರಿನಲ್ಲಿ ಸಾಲಿಗೆ 19 ಕಾರು, ನಾಲ್ಕು ಸಾಲಿಗೆ 76. ಉಳಿದ 8 ಮೀಟರಿನಲ್ಲಿ ಎರಡೆರಡು ಮೀಟರಿನ ಎರಡು ಸಾಲು ಬೈಕು, ನಡುವೆ 2 ಮೀಟರ್ ದಾರಿ, ಪಕ್ಕದಲ್ಲಿ ನಡೆಯುವವರಿಗೆ 2 ಮೀಟರ್. ಬೈಕಿಗೆ ಒಂದು ಮೀಟರ್ ಹಿಡಿದರೆ 50 ಮೀಟರಿನಲ್ಲಿ 100 ಬೈಕು ನಿಲ್ಲುತ್ತವೆ. ಅತಿಥಿಗಳು ಬಂದು ಹೋಗುತ್ತಿರುವ ಸಮಾರಂಭವಾದರೆ 76 ಸಾಕಾಗಬಹುದು. ಎಲ್ಲರೂ ಕೊನೆಯವರೆಗೆ ಕೂರುವಂಥದ್ದಾದರೆ 25 ಕಾರಿಗೆ ಎರಡನೆಯ ಜಾಗ ಗೊತ್ತುಮಾಡಿಕೊಳ್ಳಿ.

ಗೆರೆ ಎಳೆಯದಿದ್ದರೆ ಈ ಲೆಕ್ಕವೆಲ್ಲ ಮಣ್ಣುಪಾಲು. ಬಯಲು ನೆಲದಲ್ಲಿ ಚಾಲಕರು ತಮಗೆ ತೋಚಿದಷ್ಟು ಅಂತರ ಬಿಟ್ಟು, ಓರೆಯಾಗಿ ನಿಲ್ಲಿಸುತ್ತಾರೆ. ಗೂಟ ಹೊಡೆದು ಹಗ್ಗ ಬಿಗಿದು, ಅದರ ಗುಂಟ ಸುಣ್ಣದ ಪುಡಿ ಉದುರಿಸಿ. ಸಾಲಿನ ತಲೆಗೆರೆ ಮತ್ತು ಪ್ರತಿ ಕಾರಿನ ಅಡ್ಡಗೆರೆ ಎರಡೂ ಬೇಕು. ಗೇಟಿನಿಂದ ದೂರದ ಸಾಲಿನಿಂದ ತುಂಬಿಸುತ್ತ ಬನ್ನಿ, ಒಂದು ಸಾಲು ಮುಗಿದ ಮೇಲೆ ಇನ್ನೊಂದು. ಗೇಟಿನ ಹತ್ತಿರದ ಜಾಗ ಮೊದಲೇ ತೆರೆದಿಟ್ಟರೆ ಅಲ್ಲಿ ರಿವರ್ಸ್ ತೆಗೆಯುವ ಮೊದಲ ಕಾರೇ ಗೇಟು ಕಟ್ಟಿಬಿಡುತ್ತದೆ. ಟೋಕನ್ ಕೊಡುವುದಿದ್ದರೆ ಗೇಟಿನಲ್ಲಿ ಬೇಡ, ಕಾರು ನಿಂತ ಮೇಲೆ ಅಲ್ಲಿಗೇ ಹೋಗಿ ಕೊಡಿ. ಒಂದರ ಹಿಂದೆ ಒಂದು ಅಡ್ಡಗಟ್ಟಿ ನಿಲ್ಲಿಸುವುದಂತೂ ಬೇಡವೇ ಬೇಡ. ಬೇಗ ಹೊರಡುವವರ ಕಾರೇ ಒಳಗೆ ಸಿಕ್ಕಿಕೊಂಡಿರುತ್ತದೆ, ಎದುರಿನ ಕಾರಿನವರನ್ನು ಸಭೆಯಲ್ಲಿ ಹುಡುಕಬೇಕಾಗುತ್ತದೆ.

76ನೇ ಕಾರು ಬಂದ ಮೇಲೆ ‘ಜಾಗವಿಲ್ಲ’ ಎಂದರೆ ತಡವಾಯಿತು. ಆಗ ಪೋರ್ಟಿಕೋದಲ್ಲಿ ಮೂರು, ಒಳದಾರಿಯಲ್ಲಿ ಎರಡು, ಗೇಟಿನಲ್ಲಿ ನಾಲ್ಕೈದು ಕಾರು ಇರುತ್ತವೆ, ಯಾವುದಕ್ಕೂ ಹಿಂದೆ ಹೋಗಲಾಗದು. ಮೈದಾನದಲ್ಲಿ 65 ತುಂಬಿದ ಕೂಡಲೇ ರಸ್ತೆಯಲ್ಲಿ ನಿಂತವರಿಗೆ ವಾಕಿ-ಟಾಕಿಯಲ್ಲಿ ತಿಳಿಸಿ, ಹೊಸ ಕಾರುಗಳನ್ನು ಎರಡನೆಯ ಜಾಗಕ್ಕೆ ತಿರುಗಿಸಬೇಕು. ಎಣಿಸುವ ಹೊಣೆ ಒಬ್ಬರದೇ ಇರಲಿ.

ಹಿಂದಿನ ದಿನ ಮಳೆಯಾಗಿದ್ದರೆ ಜನ ತುಂಬಿದ ಕಾರೊಂದನ್ನು ಮೈದಾನದಲ್ಲಿ ನಿಲ್ಲಿಸಿ, ಸ್ಟೀರಿಂಗ್ ತಿರುಗಿಸಿ ಹೊರಡಿಸಿ ನೋಡಿ. ಚಕ್ರದ ಗುರುತಿನಲ್ಲಿ ನೀರು ಒಸರಿದರೆ, ಚಕ್ರ ಒಮ್ಮೆಯಾದರೂ ನಿಂತಲ್ಲೇ ಸುತ್ತಿದರೆ ಆ ಭಾಗ ಬಿಟ್ಟುಬಿಡಿ. ಮೊದಲು ಕೆಡುವುದು ಎಲ್ಲ ಗಾಡಿಗಳೂ ತಿರುಗುವ ಗೇಟಿನ ಒಳಬದಿ, ಜಲ್ಲಿ ಹಾಸುವುದಿದ್ದರೆ ಅಲ್ಲಿಗೇ ಹಾಸಿ.

ಹೊರಡುವಾಗಿನ ತೊಡಕೇ ಬೇರೆ. ಅತಿಥಿಗಳು ಪೋರ್ಟಿಕೋದಲ್ಲಿ ನಿಂತು ‘ಕಾರು ತನ್ನಿ’ ಎನ್ನುತ್ತಾರೆ, ಕಾರು ಬಂದಾಗ ಅವರು ಯಾರಿಂದಲೋ ಬೀಳ್ಕೊಳ್ಳುತ್ತಿರುತ್ತಾರೆ. ಇಳಿಸಲು ಒಂದು ನಿಮಿಷ ತೆಗೆದುಕೊಂಡ ಕಾರು ಹತ್ತಿಸಿಕೊಳ್ಳಲು ಐದು ನಿಮಿಷ ನಿಲ್ಲುತ್ತದೆ. ನಡೆಯಬಲ್ಲವರು ಮೈದಾನಕ್ಕೇ ನಡೆದು ಹೋಗಲಿ. ವಯಸ್ಸಾದವರಿಗೆ ಪೋರ್ಟಿಕೋದ ಅಂಚಿನಲ್ಲಿ ನಾಲ್ಕೈದು ಕುರ್ಚಿ ಹಾಕಿ, ಅವರು ಬಂದು ಕುಳಿತ ಮೇಲೆಯೇ ಮೈದಾನದಿಂದ ಕಾರು ಬಿಡಿ. ಟ್ಯಾಕ್ಸಿ ಹತ್ತುವ ಜಾಗ ಪೋರ್ಟಿಕೋದಿಂದ ದೂರ, ಬೇರೆಯೇ ಇರಲಿ. ಬರುವವರಿಗಿಂತ ಹೊರಡುವವರು ಹೆಚ್ಚಾದರು ಎನಿಸಿದ ಕೂಡಲೇ ಮೈದಾನದ ಗೇಟನ್ನು ಹೊರಹೋಗಲು ಮಾತ್ರ ಬಳಸಿ. ತಡವಾಗಿ ಬರುವ ಕೆಲವರು ಮಂಟಪದ ಗೇಟಿನಿಂದ ಒಳಬಂದು ಒಳದಾರಿಯಲ್ಲಿ ಮೈದಾನ ಸೇರಬಹುದು.

ಇಷ್ಟಕ್ಕೆ ರಸ್ತೆಯಲ್ಲಿ ಇಬ್ಬರು, ಪೋರ್ಟಿಕೋದಲ್ಲಿ ಮೂವರು, ಮೈದಾನದ ಗೇಟಿನಲ್ಲಿ ಒಬ್ಬರು, ತುಂಬುತ್ತಿರುವ ಸಾಲಿನಲ್ಲಿ ಇಬ್ಬರು, ಬೈಕಿನ ಕಡೆ ಒಬ್ಬರು, ಹೀಗೆ ಒಂಬತ್ತು ಜನ ಬೇಕು. ಎಲ್ಲರಿಗೂ ಮಿಂಚುವ ಜಾಕೆಟ್ಟು, ರಸ್ತೆಯವರಿಗೆ ಕೆಂಪು ದೀಪದ ಕೋಲು ಕೊಡಿ. ಇವರ್‍ಯಾರೂ ನಿಮ್ಮ ಹತ್ತಿರದ ನೆಂಟರಾಗಿರುವುದು ಬೇಡ, ಫೋಟೊಗೆ ಕರೆದ ಕೂಡಲೇ ಅವರು ಜಾಗ ಬಿಟ್ಟು ಹೋಗಬೇಕಾಗುತ್ತದೆ. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಬಾಗಿಲವರೆಗೂ ಬರಲು 4 ಮೀಟರ್ ಅಗಲದ ದಾರಿ ಇಡೀ ಸಂಜೆ ಖಾಲಿಯಿರಬೇಕು. ಶೃಂಗರಿಸಿದ ವಧೂವರರ ಕಾರನ್ನು ತಂದು ನಿಲ್ಲಿಸುವುದು ಬಹುತೇಕ ಅಲ್ಲಿಯೇ, ಅದಕ್ಕೆ ಬೇರೆ ಜಾಗವನ್ನು ಮೊದಲೇ ಗುರುತಿಸಿಡಿ.