ಆರು ಫೋಟೋಗಳಲ್ಲಿ ಇಲ್ಲದ ಮನುಷ್ಯ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ವಯಸ್ಸು 34. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಶಿವಮೊಗ್ಗಕ್ಕೆ ನನ್ನ ಹತ್ತಿರ ಸಲಹೆಗೆ ಬಂದಾಗ ಅವರು ಹೇಳಿಕೊಂಡ ತೊಂದರೆ ಬೇರೆಯೇ ಇತ್ತು. "ಮೇಡಂ, ನನಗೆ ಹುಡುಗಿಯರ ಜೊತೆ ಮಾತಾಡೋಕೆ ಬರಲ್ಲ. ಅದೊಂದು ಕಲಿಸಿಕೊಡಿ." ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯ ಆಗುತ್ತದೆ, ವಾರಗಟ್ಟಲೆ ಮೆಸೇಜ್ ನಡೆಯುತ್ತದೆ, ಮೊದಲ ಭೇಟಿ ಆದ ಮೇಲೆ ಎಲ್ಲ ನಿಂತುಹೋಗುತ್ತದೆ. ಮೂರು ಸಲ ಹೀಗೇ ಆಗಿತ್ತು. ಆದರೆ ನನ್ನೆದುರು ಅವರು ಸಲೀಸಾಗಿ, ನಗುನಗುತ್ತಾ ಮಾತಾಡುತ್ತಿದ್ದರು. ಮಾತು ಬಾರದವರ ಲಕ್ಷಣ ಕಾಣಲಿಲ್ಲ. ಹಾಗಾಗಿ ಭೇಟಿಯ ಮೊದಲ ಐದು ನಿಮಿಷ ಏನಾಯಿತು ಅಂತ ಬಿಡಿಸಿ ಕೇಳಿದೆ. ಕಾಫಿಗೆ ಬಂದ ಒಬ್ಬರು ಇವರ ಟೇಬಲ್ ದಾಟಿ ಮುಂದೆ ಹೋಗಿ, ಫೋನ್ ನೋಡಿಕೊಂಡು ವಾಪಸ್ ಬಂದಿದ್ದರಂತೆ. ಕೂತ ತಕ್ಷಣ ಕೇಳಿದ್ದು, "ಫೋಟೋದಲ್ಲಿ ಬೇರೆ ಥರ ಇದ್ರಲ್ಲಾ?" ಅಲ್ಲಿಂದ ಮುಂದೆ ಇವರಿಗೆ ಬಾಯೇ ಬಂದಿಲ್ಲ.

ಫೋಟೋ ತೋರಿಸಿ ಅಂದೆ. ಆರು ಇದ್ದವು. ಜೋಗದಲ್ಲಿ ಕಪ್ಪು ಕನ್ನಡಕ ಹಾಕಿದ್ದು ಮೊದಲನೆಯದು. ಕೊಡಚಾದ್ರಿಯಲ್ಲಿ ಟೋಪಿ ಹಾಕಿಕೊಂಡದ್ದು, ಗೋವಾದಲ್ಲಿ ಟೋಪಿ ಹಾಕಿಕೊಂಡದ್ದು. ಗೆಳೆಯನ ಮದುವೆಯಲ್ಲಿ ಕೋಟು ತೊಟ್ಟ ಐದು ಜನರ ಸಾಲು. ಮುಖ ನುಣ್ಣಗೆ ಮಾಡಿದ ಒಂದು ಸೆಲ್ಫಿ. ಕೊನೆಯದು ಬ್ರೋಕರ್‌ಗೆ ಕೊಡಲು ಸ್ಟುಡಿಯೋದಲ್ಲಿ ತೆಗೆಸಿದ್ದು, ತಲೆತುಂಬ ಕೂದಲಿರುವುದು. ಯಾವಾಗಿನದು ಅಂದರೆ ಆರು ವರ್ಷ ಹಿಂದಿನದು. ಈಗ ಅವರಿಗೆ ಮುಂದಲೆ ಖಾಲಿ. ತೋಟ ಒಂದರಲ್ಲೂ ಇಲ್ಲ. ಒಂದೊಂದೇ ನೋಡಿದರೆ ಯಾವ ಫೋಟೋವೂ ಸುಳ್ಳಲ್ಲ. ಎಲ್ಲ ಸೇರಿದಾಗ ಮಾತ್ರ ಬೇರೆ ಯಾರೋ ಆಗುತ್ತಾರೆ.

ಇದನ್ನು ನಾನೇ ಹೇಳಿದ್ದರೆ ಅವರು ವಾದಕ್ಕೆ ಇಳಿಯುತ್ತಿದ್ದರು. ಅದಕ್ಕೆ ಒಂದು ಕೆಲಸ ಕೊಟ್ಟೆ. ನಿಮ್ಮನ್ನು ಕಂಡರಿಯದ ಮೂರ್ನಾಲ್ಕು ಜನರಿಗೆ, ಸಾಧ್ಯವಾದರೆ ಹೆಂಗಸರಿಗೆ, ಗೆಳೆಯರ ಮೂಲಕ ಈ ಆರನ್ನೂ ತೋರಿಸಿ. "ಚೆನ್ನಾಗಿದೆಯಾ" ಅಂತ ಕೇಳಬೇಡಿ, ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ವಯಸ್ಸು ಎಷ್ಟಿರಬಹುದು, ಎಲ್ಲಿರುತ್ತಾನೆ, ಏನು ಕೆಲಸ, ಭಾನುವಾರ ಏನು ಮಾಡುತ್ತಾನೆ, ಇಷ್ಟೇ ಕೇಳಿಸಿ. ಬಂದ ಉತ್ತರಗಳು ಹೆಚ್ಚುಕಮ್ಮಿ ಒಂದೇ ಥರ ಇದ್ದವು. ಇಪ್ಪತ್ತೇಳು, ಇಪ್ಪತ್ತೆಂಟು. ಬೆಂಗಳೂರು. ಯಾವುದೋ ಕಂಪನಿ. ರಜೆ ಸಿಕ್ಕರೆ ಟೂರ್. ಒಬ್ಬರಂತೂ ಮದುವೆಯ ಫೋಟೋದಲ್ಲಿ ಪಕ್ಕದವನನ್ನೇ ಇವರು ಅಂದುಕೊಂಡಿದ್ದರು! ಇದನ್ನು ಹೇಳುವಾಗ ಬೆಳೆಗಾರರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ತೋಟ, ಬೋಳುತಲೆ ಹಾಕಿದ್ರೆ ಯಾರು ನೋಡ್ತಾರೆ ಮೇಡಂ?"

ನ್ಯಾಯವಾದ ಪ್ರಶ್ನೆ. ಅಡಿಕೆ ತೋಟ ನೋಡಿಕೊಂಡು ಊರಲ್ಲೇ ಇರುವ ಹುಡುಗರಿಗೆ ಹೆಣ್ಣು ಸಿಗುವುದು ಮಲೆನಾಡಿನಲ್ಲಿ ಎಷ್ಟು ಕಷ್ಟ ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಲೈಕ್ ಕಡಿಮೆ ಆಗುತ್ತದೆ, ಅದನ್ನು ನಾನು ಮುಚ್ಚಿಡಲಿಲ್ಲ. ಆದರೆ ಊರಲ್ಲಿರಲು ಒಲ್ಲದವರು ಫೋಟೋ ನೋಡಿದಾಗ ಒಲ್ಲೆ ಅನ್ನುವುದಕ್ಕೂ, ತಿಂಗಳು ಮಾತಾಡಿ ಎದುರು ಕೂತಾಗ ಅನ್ನುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದರಲ್ಲಿ ಕೂದಲಿನ ಜೊತೆ ನಿಮ್ಮ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ನಾನು ಬಳಸುವ ಅಳತೆ ಇಷ್ಟೇ. ಟೇಬಲ್ ಹತ್ತಿರ ಬಂದವರಿಗೆ ಮೊದಲ ನಿಮಿಷದಲ್ಲಿ ಏನು ಕಾಣುತ್ತದೋ ಅದು ಮೊದಲ ಎರಡು ಫೋಟೋದಲ್ಲಿ ಇರಬೇಕು. ಮುಖ, ತಲೆ, ಎತ್ತರ, ಮೈಕಟ್ಟು, ಅಷ್ಟೇ. ಆ್ಯಪ್ ಕೊಡುವ ನೀಲಿ ಟಿಕ್ ನಂಬಿ ಕೂರಬೇಡಿ ಅಂದೆ. ಸೆಲ್ಫಿ ಹೋಲಿಸಿ ಇದು ಈ ಮನುಷ್ಯನೇ ಅಂತ ಅದು ಹೇಳುತ್ತದೆ, ಫೋಟೋ ಎಷ್ಟು ಹಳೆಯದು ಅಂತ ಹೇಳುವುದಿಲ್ಲ.

ಮುಂದಿನ ಸಲ ಬಂದಾಗ ಅವರು ಇನ್ನೊಂದು ತುದಿಗೆ ಹೋಗಿದ್ದರು. ಹೊಸ ಫೋಟೋದಲ್ಲಿ ಬರಿಮೈ, ಮೊಣಕಾಲವರೆಗೆ ಕೆಸರು, ಕೈಯಲ್ಲಿ ಗುದ್ದಲಿ, ನೆತ್ತಿಯ ಮೇಲೆ ಸುಡುಬಿಸಿಲು. "ಎಲ್ಲ ಕಾಣಲಿ, ಬೇಕಾದವರು ಬರಲಿ." ಇದರಲ್ಲಿ ಪ್ರಾಮಾಣಿಕತೆಗಿಂತ ಸಿಟ್ಟೇ ಜಾಸ್ತಿ ಇತ್ತು. ಮದುವೆಮನೆಗೆ ಅವರು ಹಾಗೇ ಹೋಗುವುದಿಲ್ಲ ಅಲ್ವಾ? ಒಳ್ಳೆಯ ಅಂಗಿ, ಬಾಚಿದ ತಲೆ, ಹದವಾದ ಬೆಳಕು, ಇದ್ಯಾವುದೂ ಮೋಸವಲ್ಲ. ಭೇಟಿಯ ದಿನ ನೀವು ಹೇಗೆ ತಯಾರಾಗಿ ಹೋಗುತ್ತೀರೋ ಹಾಗೆ ಫೋಟೋದಲ್ಲಿ ಇರಿ ಅಂದೆ.

ತೆಗೆಯುವ ರೀತಿಯನ್ನೂ ಹೇಳಬೇಕಾಯಿತು. ಸೆಲ್ಫಿ ಬೇಡ. ಒಂದಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಐದಡಿ ದೂರದಿಂದ ತೆಗೆದದ್ದಕ್ಕಿಂತ ಹತ್ತಿರ ಹತ್ತಿರ 30 ಪರ್ಸೆಂಟ್ ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿದ್ದರು. ಜನ ಆ ಮೂಗು ನೋಡಿ ಗಾಬರಿಯಾಗಿ ಫಿಲ್ಟರ್ ಹಾಕುತ್ತಾರೆ. ಬೇರೆಯವರ ಕೈಗೆ ಫೋನ್ ಕೊಟ್ಟು, ಹಿಂದಿನ ಕ್ಯಾಮೆರಾದಲ್ಲಿ, ಐದಾರು ಅಡಿ ದೂರದಿಂದ, ಕಣ್ಣಿನ ಎತ್ತರದಲ್ಲಿ ತೆಗೆಸಿದರೆ ಸಾಕು. ಬ್ಯೂಟಿ ಮೋಡ್ ಆಫ್ ಆಗಿದೆಯಾ ನೋಡಿಕೊಳ್ಳಿ, ಕೆಲವು ಫೋನ್‌ಗಳಲ್ಲಿ ನಾವು ಕೇಳದೇ ಆನ್ ಇರುತ್ತದೆ. ತೋಟದ ಒಳಗೆ ನಿಲ್ಲಬೇಡಿ. ಮರದ ಕೆಳಗೆ ಮುಖಕ್ಕೆ ಹಸಿರು ಛಾಯೆ ಬರುತ್ತದೆ, ಸೋಗೆಯ ಸಂದಿಯಿಂದ ಬಿಸಿಲಿನ ಚುಕ್ಕೆ ಬೀಳುತ್ತದೆ. ಬೆಳಗ್ಗೆ ಜಗುಲಿಯ ಅಂಚಿನಲ್ಲಿ, ಅಂಗಳದ ಕಡೆ ಮುಖ ಮಾಡಿ ನಿಂತರೆ ಬೆಳಕು ಸರಿಹೋಗುತ್ತದೆ.

ತಂಗಿಯ ಕೈಲಿ ತೆಗೆಸಿದರು. ಸುಗ್ಗಿಯ ಸಮಯ. ಟೋಪಿ, ಕನ್ನಡಕ ಇಲ್ಲದ ಮುಖ ಮೊದಲನೆಯದು, ಜಗುಲಿ ಮೆಟ್ಟಿಲ ಮೇಲೆ ನಿಂತ ಪೂರ್ತಿ ಆಳು ಎರಡನೆಯದು. ಮೂರನೆಯದರಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾ, ಪಕ್ಕದಲ್ಲಿ ಯಾರೋ ಹೇಳಿದ್ದಕ್ಕೆ ನಕ್ಕಿದ್ದಾರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ನಾಲ್ಕನೆಯದು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿರುವುದು. "ಮುದುಕರ ಚಟ ಅಂದ್ಕೊಳ್ತಾರೆ" ಅಂತ ಹಿಂಜರಿದರು. ಶನಿವಾರ ರಾತ್ರಿ ಅಲ್ಲೇ ಕಳೆಯುವವರು ಅದನ್ನು ಯಾಕೆ ಅಡಗಿಸಬೇಕು? ಒಂದು ಸಾಕು, ಎರಡು ಹಾಕಿದರೆ ಅದೇ ಅವರ ಇಡೀ ಬದುಕು ಅನಿಸುತ್ತದೆ. ಟೂರ್ ಫೋಟೋಗಳಲ್ಲಿ ಕೊಡಚಾದ್ರಿಯದೊಂದು ಉಳಿಯಿತು, ಮುಖ ಆಗಲೇ ಗೊತ್ತಾಗಿರುವುದರಿಂದ ಅಲ್ಲಿ ಟೋಪಿ ಇದ್ದರೆ ತೊಂದರೆ ಇಲ್ಲ. ಆರನೆಯದು ಒಬ್ಬ ಗೆಳೆಯನ ಜೊತೆ, ಅವನನ್ನು ಕೇಳಿಯೇ ಹಾಕಿದ್ದು. ಅಕ್ಕನ ಮಗುವನ್ನು ಎತ್ತಿಕೊಂಡಿದ್ದ ಫೋಟೋವನ್ನು ಕೈಬಿಡಿಸಿದೆ. ಮಗುವಿನ ಮುಖ ಅಪರಿಚಿತರ ಮುಂದೆ ಬೇಡ, ಅದೂ ಅಲ್ಲದೆ ನೋಡಿದವರು ಇವರದೇ ಮಗು ಅಂದುಕೊಳ್ಳುತ್ತಾರೆ. ಜೀಪಿನ ನಂಬರ್ ಕಾಣುತ್ತಿದ್ದ ಇನ್ನೊಂದೂ ಹೋಯಿತು.

ಮುಖದ ಫೋಟೋಗಳಲ್ಲಿ ಯಾವುದು ಅಂತ ಅವರೇ ಆರಿಸಲು ನಾನು ಬಿಡಲಿಲ್ಲ. ನಮ್ಮ ಫೋಟೋವನ್ನು ನಾವು ಆರಿಸಿದ್ದಕ್ಕಿಂತ ಗುರುತಿಲ್ಲದವರು ಆರಿಸಿದ್ದೇ ನೋಡುವವರಲ್ಲಿ ಒಳ್ಳೆಯ ಅಭಿಪ್ರಾಯ ಮೂಡಿಸುತ್ತದೆ ಅಂತ ಆಸ್ಟ್ರೇಲಿಯಾದ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ. ಇವರು ಬಿಗಿಮುಖದ್ದನ್ನು ಮೆಚ್ಚಿದ್ದರು, ಹೊರಗಿನವರು ನಗುವುದನ್ನು ಆರಿಸಿದರು. ಹಳೆಯ ಪ್ರಶ್ನೆಗಳನ್ನೇ ಹೊಸಬರಿಗೆ ಕೇಳಿಸಿದೆವು. ಈ ಸಲ ಬಂದ ಉತ್ತರ: ಮೂವತ್ತರ ಮೇಲೆ, ಮಲೆನಾಡು, ತೋಟ, ಮಾತುಗಾರ.

ಲೈಕ್ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮೊದಲ ವಾರ ನನಗೆ ಫೋನ್ ಮಾಡಿ ಗೊಣಗಿದರು. ಆಮೇಲೆ ಸಾಗರದ ಕಡೆಯ ಒಬ್ಬರು "ನೀವೇ ಸುಲಿತೀರಾ, ಇಲ್ಲ ಫೋಟೋಗೆ ಮಾತ್ರನಾ?" ಅಂತ ಕೇಳಿ ಮಾತು ಶುರು ಮಾಡಿದರು. ಎರಡು ಸಲ ಭೇಟಿ ಆಗಿದೆ. ಏನಾಗುತ್ತದೋ ಗೊತ್ತಿಲ್ಲ. ಮೊನ್ನೆ ಬಂದಾಗ ಅವರು ಗಡ್ಡ ಬಿಟ್ಟಿದ್ದರು. ಗಡ್ಡ ಉಳಿಸಿಕೊಳ್ಳುವುದಾದರೆ ಮೊದಲ ಫೋಟೋ ಬದಲಿಸಿ ಅಂದೆ. ಅವರ ತಲೆಯಲ್ಲಿ ಇದ್ದದ್ದು ಬೇರೆ: ಅಮ್ಮನಿಗೆ ಈಗಲೇ ಹೇಳಬೇಕಾ, ಇನ್ನೊಂದು ಸಲ ಭೇಟಿ ಆದ ಮೇಲೆ ಹೇಳಬೇಕಾ?