ಥಾಯ್ಲೆಂಡಿನ ಸಿನಿಮಾ ಬುಕಿಂಗ್: ಸೀಟಿನ ಬಣ್ಣ, ಸರ್ವೀಸ್ ಫೀ, ಇ-ಟಿಕೆಟ್ ಷರತ್ತು

ಪ್ರಶ್ನೆ: ಮುಂದಿನ ತಿಂಗಳು ಬ್ಯಾಂಕಾಕ್‌ಗೆ ನಾವು ನಾಲ್ಕು ಜನ ಹೋಗ್ತಿದ್ದೇವೆ, ಅಮ್ಮ ಮತ್ತು ಏಳು ವರ್ಷದ ಮಗನೂ ಬರ್ತಾರೆ. ಅಲ್ಲಿ ಒಂದು ಸಿನಿಮಾ ನೋಡೋಣ ಅಂತ ಆ್ಯಪ್ ತೆರೆದರೆ ಸೀಟು ಆರಿಸುವ ಸ್ಕ್ರೀನಿನಲ್ಲಿ ಮೂರು ಬಣ್ಣ, ಮೂರು ಬೆಲೆ. ಕೆಳಗೆ ಸರ್ವೀಸ್ ಫೀ, ಇ-ಟಿಕೆಟ್ ಬಗ್ಗೆ ಚಿಕ್ಕ ಅಕ್ಷರದಲ್ಲಿ ಏನೇನೋ ಬರೆದಿದೆ. ಒಟ್ಟು ಎಷ್ಟಾಗುತ್ತೆ? ಆ ಟಿಕೆಟ್ ಎಲ್ಲಿವರೆಗೆ ನಡೆಯುತ್ತೆ?

ಉತ್ತರ:

ನಾನು ಬ್ಯಾಂಕಾಕ್‌ನಲ್ಲೇ ಇರುವವನು. ಊರಿಂದ ಯಾರು ಬಂದರೂ ಈ ಸ್ಕ್ರೀನ್ ಮುಂದೆ ಹಿಡಿದು ಇದೇ ಪ್ರಶ್ನೆ ಕೇಳುತ್ತಾರೆ. ಮೊದಲು ಬಣ್ಣದ ವಿಷಯ ನೋಡೋಣ, ದುಡ್ಡು ಜಾಸ್ತಿ ಹೋಗುವುದು ಅಲ್ಲೇ.

ಆ ಬಣ್ಣಗಳು ಕುರ್ಚಿಯ ದರ್ಜೆ ತೋರಿಸುತ್ತವೆ. ಕೂರುವವರ ವಯಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಇಲ್ಲಿ ದೊಡ್ಡ ಸರಪಳಿಗಳು ಎರಡು, ಮೇಜರ್ ಸಿನೆಪ್ಲೆಕ್ಸ್ ಮತ್ತು ಎಸ್‌ಎಫ್. ಎರಡರಲ್ಲೂ ಒಂದೇ ಹಾಲ್ ಒಳಗೆ ಎರಡು ಮೂರು ತರಹದ ಸೀಟು ಇರುತ್ತವೆ. ಮುಂದಿನ ಮತ್ತು ನಡುವಿನ ಸಾಲುಗಳು ಸಾಧಾರಣ ದರ್ಜೆ. ಅದರ ಹಿಂದಿನ ಕೆಲವು ಸಾಲುಗಳು ಪ್ರೀಮಿಯಂ. ಕೊನೆಯ ಸಾಲಿನಲ್ಲಿ ಇಬ್ಬರು ಕೂರುವ ಸೋಫಾ. ಹೆಸರು ಮಾತ್ರ ಒಂದೊಂದು ಕಡೆ ಒಂದೊಂದು: ಡೀಲಕ್ಸ್, ಪ್ರೀಮಿಯಂ, ಹನಿಮೂನ್, ಹೀಗೆ. ಹೆಸರು ನೋಡಿ ಹೆದರಬೇಡಿ, ಹನಿಮೂನ್ ಸೀಟಿನಲ್ಲಿ ಅಜ್ಜಿ ಮೊಮ್ಮಗ ಕೂತರೂ ಯಾರೂ ಏನೂ ಅನ್ನುವುದಿಲ್ಲ.

ಸಾಧಾರಣಕ್ಕೂ ಪ್ರೀಮಿಯಂಗೂ ಬೆಲೆಯಲ್ಲಿ ದೊಡ್ಡ ಅಂತರ ಇರುವುದಿಲ್ಲ. ಹೆಚ್ಚು ಕಡೆ ಕುರ್ಚಿಯಲ್ಲೂ ಅಂತರ ಕಮ್ಮಿ, ನೀವು ದುಡ್ಡು ಕೊಡುವುದು ಪರದೆಯಿಂದ ದೂರ ಕೂರುವುದಕ್ಕೆ. ಸಾಲಿನ ಅಕ್ಷರ ನೋಡಿ ಮುಂದೆಯೋ ಹಿಂದೆಯೋ ಎಂದು ಊಹಿಸಲು ಹೋಗಬೇಡಿ. A ಸಾಲು ಎಲ್ಲಾ ಹಾಲ್‌ಗಳಲ್ಲೂ ಪರದೆಯ ಹತ್ತಿರವೇ ಇರಬೇಕೆಂದಿಲ್ಲ. ನಕ್ಷೆಯಲ್ಲಿ SCREEN ಎಂದು ಬರೆದ ಗೆರೆ ಇರುತ್ತದೆ, ಅದನ್ನು ನೋಡಿಯೇ ಲೆಕ್ಕ ಹಾಕಿ.

ಇನ್ನು ಎಡವಟ್ಟಾಗುವ ಜಾಗ ಆ ಜೋಡಿ ಸೋಫಾ. ಪಕ್ಕದಲ್ಲಿ ಬರೆದ ಬೆಲೆ ಒಬ್ಬರದೋ ಜೋಡಿಯದೋ ಎಂದು ಎಲ್ಲಾ ಕಡೆ ಬಿಡಿಸಿ ಬರೆದಿರುವುದಿಲ್ಲ. ತಿಳಿಯುವ ದಾರಿ ಸುಲಭ. ಒಂದು ಸೋಫಾ ಒತ್ತಿ, ಎರಡು ಸೀಟೂ ಒಟ್ಟಿಗೆ ಬಣ್ಣ ಬದಲಿಸುತ್ತವೆ. ಆಗ ಕೆಳಗಿನ ಮೊತ್ತ ನೋಡಿ. ಪಕ್ಕದಲ್ಲಿ ಬರೆದಷ್ಟೇ ತೋರಿಸಿದರೆ ಅದು ಜೋಡಿಯ ಬೆಲೆ. ಅದರ ಎರಡರಷ್ಟು ತೋರಿಸಿದರೆ ತಲೆಗೆ ಒಂದರಂತೆ. ಬೇಡ ಅನ್ನಿಸಿದರೆ ಮತ್ತೆ ಒತ್ತಿ ಬಿಟ್ಟುಬಿಡಿ. ದುಡ್ಡು ಕೊಡುವ ಪುಟಕ್ಕೆ ಹೋಗುವ ತನಕ ಏನೂ ಕಡಿತ ಆಗುವುದಿಲ್ಲ.

ನಿಮ್ಮ ನಾಲ್ಕು ಜನದ ಲೆಕ್ಕವನ್ನೇ ಹಾಕೋಣ. ಬೆಲೆ ಮಾಲ್‌ನಿಂದ ಮಾಲ್‌ಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಹಾಗಾಗಿ ಈ ಅಂಕಿಗಳನ್ನು ಬರೀ ಲೆಕ್ಕಕ್ಕೆ ಹಿಡಿದುಕೊಳ್ಳಿ: ಸಾಧಾರಣ 260 ಬಾಟ್, ಪ್ರೀಮಿಯಂ 280, ಸೋಫಾ ಜೋಡಿಗೆ 800, ಸರ್ವೀಸ್ ಫೀ ಸೀಟಿಗೆ 20. ನಾಲ್ಕು ಸಾಧಾರಣ ಸೀಟಿಗೆ 1,040, ಫೀ 80, ಒಟ್ಟು 1,120 ಬಾಟ್. ನಾಲ್ಕೂ ಪ್ರೀಮಿಯಂ ಆದರೆ 1,200. ಎರಡು ಸೋಫಾ ತೆಗೆದುಕೊಂಡರೆ ಟಿಕೆಟ್‌ಗೇ 1,600. ಅಮ್ಮನಿಗೆ ಕಾಲು ಚಾಚಿ ಕೂರಬೇಕು ಅಂದರೆ ಒಂದು ಸೋಫಾ, ಉಳಿದಿಬ್ಬರಿಗೆ ಅದರ ಮುಂದಿನ ಸಾಲಿನ ಪ್ರೀಮಿಯಂ ತೆಗೆದುಕೊಳ್ಳಿ ಎಂದೇ ನಾನು ಹೇಳುವುದು. ಒಂದು ಬುಕಿಂಗ್‌ನಲ್ಲೇ ಬೇರೆ ಬೇರೆ ದರ್ಜೆ ಸೇರಿಸಲು ಸಾಮಾನ್ಯವಾಗಿ ಬಿಡುತ್ತಾರೆ.

ಈ ಲೆಕ್ಕದಲ್ಲಿ ನೀವು ಗಮನಿಸಬೇಕಾದದ್ದು ಫೀ ಯಾವುದಕ್ಕೆ ಎಂಬುದು. ಅದನ್ನು ಇಡೀ ಬುಕಿಂಗ್‌ಗೆ ಒಂದು ಸಲ ಹಾಕಿದ್ದಾರೋ, ಸೀಟಿಗೆ ಇಷ್ಟು ಎಂದು ಹಾಕಿದ್ದಾರೋ ನೋಡಿ. ಸೀಟಿನ ಲೆಕ್ಕವಾದರೆ ಒಬ್ಬರಿಗೆ ಚಿಲ್ಲರೆ ಅನ್ನಿಸಿದ್ದು ಮನೆಮಂದಿಗೆಲ್ಲ ಸೇರಿ ಒಂದು ಪಾಪ್‌ಕಾರ್ನ್ ಬೆಲೆಗೆ ಹತ್ತಿರ ಬರುತ್ತದೆ. ನಮ್ಮಲ್ಲಿ ಬುಕ್‌ಮೈಶೋ ಕನ್ವೀನಿಯನ್ಸ್ ಫೀ ಹಾಕುತ್ತದಲ್ಲ, ಅದೇ ಜಾತಿ. ಅಲ್ಲಿ ಫೀ ಮೇಲೆ ಜಿಎಸ್‌ಟಿ ಅಂತ ಇನ್ನೊಂದು ಸಾಲು ಬರುತ್ತದೆ. ಥಾಯ್ಲೆಂಡಿನಲ್ಲಿ 7 ಶೇಕಡಾ ವ್ಯಾಟ್ ಇದೆ, ಆದರೆ ಗಿರಾಕಿಗೆ ತೋರಿಸುವ ಬೆಲೆಯೊಳಗೇ ಅದು ಸೇರಿರುವುದು ರೂಢಿ. ಹಾಗಾಗಿ ಕೊನೆಗೆ ತೆರಿಗೆ ಅಂತ ಮತ್ತೇನೂ ಕೂಡುವುದಿಲ್ಲ.

ಫೀ ಇರುವುದು ಆನ್‌ಲೈನ್ ಸೌಕರ್ಯಕ್ಕೆ. ಕೌಂಟರ್‌ಗೆ ಹೋಗಿ ಕೊಂಡರೆ ಸಾಮಾನ್ಯವಾಗಿ ಅದು ಬರುವುದಿಲ್ಲ. ಹಾಗಾದರೆ ಕೊಡಬೇಕೋ ಬೇಡವೋ? ಇಲ್ಲಿ ಹೊಸ ಸಿನಿಮಾಗಳು ಹೆಚ್ಚಾಗಿ ಗುರುವಾರ ಬಿಡುಗಡೆಯಾಗುತ್ತವೆ. ಆ ವಾರದ ಶನಿವಾರ, ಭಾನುವಾರ ಸಂಜೆ ನಾಲ್ಕು ಸೀಟು ಒಟ್ಟಿಗೆ ಬೇಕೆಂದರೆ ಮೊದಲೇ ಬುಕ್ ಮಾಡಿ, ಫೀ ದಂಡ ಅಲ್ಲ. ಮಂಗಳವಾರ ಮಧ್ಯಾಹ್ನದ ಆಟಕ್ಕೆ ಸುಮ್ನೆ ಯಾಕೆ ಕೊಡ್ತೀರಿ? ಹಾಲ್ ಅರ್ಧಕ್ಕಿಂತ ಜಾಸ್ತಿ ಖಾಲಿ ಇರುತ್ತದೆ. ಸ್ಕ್ರೀನಿನಲ್ಲಿ ಸೀಟು ಎಷ್ಟು ಖಾಲಿ ಇದೆ ನೋಡಿಕೊಂಡು ನೇರ ಮಾಲ್‌ಗೆ ಹೋಗಿ. ಬುಧವಾರ ಟಿಕೆಟ್ ಅಗ್ಗ ಮಾಡುವ ರೂಢಿಯೂ ಇಲ್ಲಿದೆ, ಆ ದಿನ ಬಿಡುವಿದ್ದರೆ ಒಮ್ಮೆ ಬೆಲೆ ಹೋಲಿಸಿ.

ಮಗನಿಗೆ ಮಕ್ಕಳ ಟಿಕೆಟ್ ಸಿಗುತ್ತದೆಯೇ ಎಂದು ಕೌಂಟರ್‌ನಲ್ಲಿ ಕೇಳಬಹುದು. ವಯಸ್ಸಿಗಿಂತ ಎತ್ತರ ನೋಡುವುದು ಈ ದೇಶದಲ್ಲಿ ಸಾಮಾನ್ಯ. ಬಿಟಿಎಸ್ ರೈಲಿನಲ್ಲೂ 90 ಸೆಂಟಿಮೀಟರ್ ಒಳಗಿನ ಮಕ್ಕಳಿಗೆ ಟಿಕೆಟ್ ಬೇಡ. ವಿದ್ಯಾರ್ಥಿ, ಹಿರಿಯರು ಎಂಬ ರಿಯಾಯಿತಿ ಕಂಡರೆ ಆಸೆಪಟ್ಟು ಒತ್ತಬೇಡಿ. ಅವು ಬಹುಪಾಲು ಸದಸ್ಯತ್ವ ಕಾರ್ಡಿಗೋ ಇಲ್ಲಿನ ಗುರುತಿನ ಚೀಟಿಗೋ ಕಟ್ಟಿದವು. ಗೇಟಿನಲ್ಲಿ ತೋರಿಸಲು ಆಗದಿದ್ದರೆ ಬೆಲೆಯ ವ್ಯತ್ಯಾಸ ಕಟ್ಟಬೇಕಾಗುತ್ತದೆ.

ಸ್ಕ್ರೀನಿನಲ್ಲಿ ಕಾಣದ ಇನ್ನೊಂದು ಫೀ ನಿಮ್ಮ ಬ್ಯಾಂಕಿನದು. ಭಾರತದ ಹಲವು ಕಾರ್ಡುಗಳು ವಿದೇಶಿ ವ್ಯವಹಾರಕ್ಕೆ 3.5 ಶೇಕಡಾ ತನಕ ಹಾಕುತ್ತವೆ, ಅದರ ಮೇಲೆ 18 ಶೇಕಡಾ ಜಿಎಸ್‌ಟಿ. ಅಂದರೆ 1,120 ಬಾಟ್‌ಗೆ ಸುಮಾರು 46 ಬಾಟ್. ಥಿಯೇಟರಿನ 80ರ ಬಗ್ಗೆ ತಲೆ ಕೆಡಿಸಿಕೊಂಡವರು ಇದನ್ನು ನೋಡುವುದೇ ಇಲ್ಲ! ರೂಪಾಯಿಯಲ್ಲಿ ಕಟ್ಟುತ್ತೀರಾ ಎಂದು ಕೇಳಿದರೆ ಬೇಡ, ಬಾಟ್‌ನಲ್ಲೇ ಕಟ್ಟಿ, ರೂಪಾಯಿ ದರ ಸಾಮಾನ್ಯವಾಗಿ ದುಬಾರಿ. ಕ್ಯೂಆರ್ ಕೋಡಿನ ಪ್ರಾಂಪ್ಟ್‌ಪೇ ಇಲ್ಲಿನ ಬ್ಯಾಂಕ್ ಖಾತೆ ಇರುವವರಿಗೆ, ನಿಮಗೆ ಕಾರ್ಡೇ ಗತಿ. ಕಾರ್ಡಿನ ವಿದೇಶಿ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ಮೊದಲೇ ಆನ್ ಮಾಡಿಡಿ. ಓಟಿಪಿ ನಿಮ್ಮ ಭಾರತದ ನಂಬರಿಗೇ ಬರುವುದು, ಆ ಸಿಮ್ ಫೋನಿನಲ್ಲಿರಲಿ. ಸೀಟನ್ನು ಕೆಲವೇ ನಿಮಿಷ ಹಿಡಿದಿಡುತ್ತಾರೆ. ಓಟಿಪಿಗೆ ಕಾದು ಕೂತರೆ ಸಮಯ ಮುಗಿದು ಸೀಟು ಬಿಟ್ಟುಹೋಗುತ್ತದೆ.

ಈಗ ಇ-ಟಿಕೆಟ್ ಎಲ್ಲಿವರೆಗೆ ನಡೆಯುತ್ತದೆ ಎಂಬುದು. ಸೀಟು ಆರಿಸಿ ದುಡ್ಡು ಕೊಟ್ಟ ಟಿಕೆಟ್ ಆ ಥಿಯೇಟರ್, ಆ ಹಾಲ್, ಆ ದಿನ, ಆ ಆಟ, ಆ ಸೀಟು, ಇಷ್ಟಕ್ಕೇ. ಮುಂದಿನ ಆಟಕ್ಕೆ ಹೋಗುತ್ತೇನೆ ಎಂದರೆ ನಡೆಯುವುದಿಲ್ಲ. ದುಡ್ಡು ವಾಪಸ್ ಇಲ್ಲ, ಬದಲಾವಣೆ ಇಲ್ಲ ಎಂಬುದೇ ಆ ಚಿಕ್ಕ ಅಕ್ಷರದ ತಿರುಳು. ಫೋನಿನಲ್ಲಿರುವ ಕ್ಯೂಆರ್ ಕೋಡನ್ನು ಗೇಟಿನಲ್ಲಿ ತೋರಿಸಿದರೆ ಸಾಕು. ಕೆಲವೆಡೆ ಮಾತ್ರ ಬುಕಿಂಗ್ ಸಂಖ್ಯೆ ಹಾಕಿ ಯಂತ್ರದಿಂದ ಕಾಗದದ ಟಿಕೆಟ್ ತೆಗೆಯಬೇಕು, ಹಾಗಿದ್ದರೆ ಟಿಪ್ಪಣಿಯಲ್ಲೇ ಬರೆದಿರುತ್ತಾರೆ. ನಾಲ್ಕು ಜನಕ್ಕೂ ಒಂದೇ ಕೋಡ್ ಬಂದಿದ್ದರೆ ಒಟ್ಟಿಗೇ ಒಳಗೆ ಹೋಗುವುದು ವಾಸಿ. ಇಬ್ಬರು ಮುಂದೆ ಹೋಗಿ ಸ್ಕ್ಯಾನ್ ಮಾಡಿಸಿದರೆ, ಹಿಂದೆ ಬಂದವರ ಫೋನಿನಲ್ಲಿ ಅದೇ ಕೋಡ್ ಬಳಸಿ ಆಗಿದೆ ಎಂದು ತೋರಿಸಬಹುದು.

ತಾರೀಖು ಓದುವಾಗ ಒಂದು ಎಚ್ಚರ. ಥಾಯ್ ಭಾಷೆಯ ಟಿಕೆಟ್‌ನಲ್ಲಿ ಬುದ್ಧ ಶಕೆಯ ವರ್ಷ ಬರಬಹುದು, ನಮ್ಮ ಇಸವಿಗೆ 543 ಕೂಡಿಸಿದ್ದು. 2025 ಅಲ್ಲಿ 2568, ಬರೀ 68 ಎಂದೂ ಬರೆಯುತ್ತಾರೆ. ಸಮಯದ ಪಕ್ಕ น. ಎಂದಿದ್ದರೆ ಅದು 24 ಗಂಟೆಯ ಲೆಕ್ಕ, 19.30 น. ಅಂದರೆ ಸಂಜೆ ಏಳೂವರೆ. ಆ ಹೊತ್ತಿಗೆ ಶುರುವಾಗುವುದು ಜಾಹೀರಾತು ಮತ್ತು ಟ್ರೇಲರ್‌ಗಳು, ಸಿನಿಮಾ ಅಲ್ಲ. ಇಪ್ಪತ್ತು ನಿಮಿಷ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತವೆ. ಆಮೇಲೆ ರಾಜಗೀತೆ, ಅದಕ್ಕೆ ಜನ ಎದ್ದು ನಿಲ್ಲುತ್ತಾರೆ. ಸ್ವಲ್ಪ ತಡವಾದರೆ ಟಿಕೆಟ್ ಹಾಳಾಯಿತು ಎಂದು ಓಡಬೇಕಿಲ್ಲ.

ಇಂತಿಷ್ಟು ತಾರೀಖಿನವರೆಗೆ ಎಂದು ಬರೆದದ್ದು ಕಂಡರೆ ಅದು ಬೇರೆ ವಸ್ತು, ವೋಚರ್. ಪ್ರವಾಸದ ಆ್ಯಪ್‌ಗಳಲ್ಲೂ ಆಫರ್‌ಗಳಲ್ಲೂ ಸಿನಿಮಾ ಇ-ಟಿಕೆಟ್ ಎಂದೇ ಮಾರುತ್ತಾರೆ, ಗೊಂದಲ ಹುಟ್ಟುವುದು ಅಲ್ಲಿ. ವೋಚರ್‌ಗೆ ಸೀಟು ಇರುವುದಿಲ್ಲ. ಆ ತಾರೀಖಿನೊಳಗೆ ಅದರ ಕೋಡ್ ಕೊಟ್ಟು ಸೀಟು ಪಡೆಯಬೇಕು. ಸಾಮಾನ್ಯವಾಗಿ ಅದು 2D ಹಾಲ್‌ನ ಸಾಧಾರಣ ಸೀಟಿಗೆ ಮಾತ್ರ. ಪ್ರೀಮಿಯಂ ಬೇಕೆಂದರೆ ವ್ಯತ್ಯಾಸ ಕಟ್ಟಬೇಕು, ಐಮ್ಯಾಕ್ಸ್‌ಗೂ ವಿಶೇಷ ಪ್ರದರ್ಶನಕ್ಕೂ ಎಷ್ಟೋ ಸಲ ನಡೆಯುವುದೇ ಇಲ್ಲ. ಒಂದು ಸಲ ಸೀಟಿಗೆ ಬದಲಾಯಿಸಿಕೊಂಡಿರೋ, ಆಮೇಲೆ ಅದೂ ಮೇಲೆ ಹೇಳಿದ ಟಿಕೆಟ್ಟೇ, ಆ ಆಟ ತಪ್ಪಿದರೆ ಮುಗಿಯಿತು.

ದುಡ್ಡು ವಾಪಸ್ ಬರದ ವ್ಯವಹಾರ ಆದ್ದರಿಂದ ಬಣ್ಣಕ್ಕಿಂತ ಮೊದಲು ಆಟದ ಸಮಯದ ಪಕ್ಕದ ಭಾಷೆಯ ಗುರುತು ನೋಡಿ. ಒಂದೇ ಸಿನಿಮಾ ಒಂದೇ ಸಂಜೆ ಪಕ್ಕಪಕ್ಕದ ಹಾಲ್‌ಗಳಲ್ಲಿ ಎರಡು ತರಹ ಓಡುತ್ತದೆ. ಮಾತಿನ ಭಾಷೆ TH ಎಂದಿದ್ದರೆ, ಇಲ್ಲವೇ พากย์ไทย ಎಂದಿದ್ದರೆ ಥಾಯ್ ಡಬ್ಬಿಂಗ್. EN ಮೊದಲು ಬಂದು TH ಆಮೇಲೆ ಇದ್ದರೆ ಇಂಗ್ಲಿಷ್ ಮಾತು, ಕೆಳಗೆ ಥಾಯ್ ಅಕ್ಷರ. ಮಕ್ಕಳ ಸಿನಿಮಾಗಳಿಗೆ ಡಬ್ಬಿಂಗ್ ಆಟಗಳೇ ಜಾಸ್ತಿ ಇರುತ್ತವೆ, ಮಗನಿಗೆಂದು ಹೋಗುವ ನೀವು ಇದನ್ನು ಖಂಡಿತ ನೋಡಿಕೊಳ್ಳಿ.